ರೆಸ್ಯೂಮ್‌ನಲ್ಲಿ ಸ್ಟಾಕ್ ಅಕ್ಯುರೆಸಿ 99.8 ಅಂತ ಹಾಕಿದ್ದೆ, ಇಂಟರ್‌ವ್ಯೂನಲ್ಲಿ ಒಂದೇ ಪ್ರಶ್ನೆಗೆ ಬಾಯಿ ಕಟ್ಟಿತು

ಬಿ_ಶಿಫ್ಟ್_ನೆಲಮಂಗಲ · ಭಾನುವಾರ ರಾತ್ರಿ 10:42

ಎಲ್ಲರಿಗೂ ನಮಸ್ಕಾರ. ನೆಲಮಂಗಲ–ದಾಬಸ್‌ಪೇಟೆ ನಡುವಿನ ಒಂದು ಗೋಡೌನ್‌ನಲ್ಲಿ ಏಳು ವರ್ಷದಿಂದ ಇದ್ದೀನಿ. ಪಿಕ್ಕರ್ ಆಗಿ ಸೇರಿದ್ದು, ಆಮೇಲೆ ಚೆಕ್ಕರ್, ಈಗ ಮೂರು ವರ್ಷದಿಂದ ಶಿಫ್ಟ್ ಸೂಪರ್‌ವೈಸರ್. ಮಾಲು ಅಂದ್ರೆ ಸೋಪು, ಶಾಂಪು, ಪೇಸ್ಟು. ಡಿಸ್ಟ್ರಿಬ್ಯೂಟರ್‌ಗಳಿಗೆ ಹೋಗುತ್ತೆ. ಬೆಳಗಿನ ಶಿಫ್ಟ್‌ನವರು ಇಳಿಸಿ ಜೋಡಿಸ್ತಾರೆ, ಮಧ್ಯಾಹ್ನ ಎರಡರಿಂದ ನಮ್ಮದು ಬರೀ ಲೋಡಿಂಗ್.

ಹೊಸಕೋಟೆ ಕಡೆ ಒಂದು ಕೆಲಸಕ್ಕೆ ಮೊನ್ನೆ ಹೋಗಿದ್ದೆ. ಸ್ನೇಹಿತನ ರೆಸ್ಯೂಮ್ ನೋಡಿ ನಂದೂ ಮಾಡ್ಕೊಂಡಿದ್ದೆ. ಮುಖ್ಯವಾದ ನಾಲ್ಕು ಸಾಲು ಹೀಗಿತ್ತು (ಇಂಗ್ಲಿಷಲ್ಲಿತ್ತು, ಇಲ್ಲಿ ಕನ್ನಡದಲ್ಲಿ ಹಾಕ್ತೀನಿ):

ತಿಂಗಳಿಗೆ 2.47 ಲಕ್ಷ ಕೇಸ್ ಡಿಸ್‌ಪ್ಯಾಚ್ ನಿರ್ವಹಣೆ.
ಸ್ಟಾಕ್ ಅಕ್ಯುರೆಸಿ 99.8%.
46 ಜನರ ತಂಡದ ಮೇಲ್ವಿಚಾರಣೆ.
ಡಿಸ್‌ಪ್ಯಾಚ್ ವಿಳಂಬ 38% ಕಡಿಮೆ ಮಾಡಿದ್ದು.

ಎದುರಿಗೆ ಕೂತಿದ್ದ ಆಪರೇಷನ್ಸ್ ಮ್ಯಾನೇಜರ್ ಎರಡನೇ ಸಾಲಿನ ಮೇಲೆ ಬೆರಳಿಟ್ಟು, "ಇದು ನೆಟ್ಟಾ, ಗ್ರಾಸ್ಸಾ, ಬಿನ್ನಾ?" ಅಂದ್ರು. ಆಡಿಟ್ ರಿಪೋರ್ಟ್‌ನಲ್ಲಿ ಇದ್ದದ್ದು ಸಾರ್ ಅಂದೆ. ಅವರು ಪೆನ್ನಿನ ಮುಚ್ಚಳ ಹಾಕಿಬಿಟ್ಟರು. ಆಮೇಲೆ ಕೇಳಿದ್ದೆಲ್ಲ ಊರು ಯಾವುದು, ನೋಟಿಸ್ ಪೀರಿಯಡ್ ಎಷ್ಟು, ಅಷ್ಟೇ.

ನಾನು ಸುಳ್ಳು ಬರೆದಿಲ್ಲ. ನಾಲ್ಕೂ ನಂಬರು ನಿಜವೇ. ಆದ್ರೂ ಎಲ್ಲಿ ಎಡವಿದೆ ಅಂತ ಗೊತ್ತಾಗ್ತಿಲ್ಲ. ದಯವಿಟ್ಟು ಹೇಳಿ.

ಕನ್ಸಲ್ಟೆನ್ಸಿ_ಅಕ್ಕ · ಭಾನುವಾರ ರಾತ್ರಿ 11:05

ನಾನು ಹನ್ನೊಂದು ವರ್ಷದಿಂದ ಪೀಣ್ಯ, ಜಿಗಣಿ, ಅತ್ತಿಬೆಲೆ ಕಂಪನಿಗಳಿಗೆ ಜನ ಕೊಡ್ತಿದ್ದೀನಿ. ನಿಮ್ಮ ರೆಸ್ಯೂಮ್‌ನಲ್ಲಿ ತಪ್ಪೇನಿಲ್ಲ ತಮ್ಮಾ, ಹತ್ತರಲ್ಲಿ ಒಂಬತ್ತು ಜನ ನಂಬರೇ ಹಾಕಲ್ಲ. "ಜವಾಬ್ದಾರಿಯುತ ವ್ಯಕ್ತಿ, ಒತ್ತಡದಲ್ಲೂ ಕೆಲಸ ಮಾಡಬಲ್ಲೆ" ಅಂತ ಎರಡು ಪುಟ ಬರೀತಾರೆ. ನೀವು ನಾಲ್ಕು ಸಾಲಲ್ಲಿ ವಿಷಯ ಹೇಳಿದ್ದೀರಿ.

ಅಕ್ಯುರೆಸಿ 99.5ಕ್ಕಿಂತ ಕೆಳಗೆ ಯಾವತ್ತೂ ಬರೀಬೇಡಿ. ನಾವು ಶಾರ್ಟ್‌ಲಿಸ್ಟ್ ಮಾಡುವಾಗ ಮೊದಲು ನೋಡೋದು ಅದನ್ನೇ, 95 ಅಂತ ಇದ್ರೆ ಪಕ್ಕಕ್ಕೆ. 46 ಜನ ಅನ್ನೋದನ್ನೂ ಹಾಗೇ ಬಿಡಿ, ದೊಡ್ಡದಾಗಿ ಕಾಣುತ್ತೆ. ಮ್ಯಾನೇಜರ್ ಮೂಡು ಸರಿ ಇರಲಿಲ್ಲ ಅನ್ಸುತ್ತೆ. ಇನ್ನೊಂದು ಕಡೆ ಪ್ರಯತ್ನ ಮಾಡಿ.

ಹಳೇ_ಸ್ಟೋರ್‌ಕೀಪರ್ · ಸೋಮವಾರ ಬೆಳಗ್ಗೆ 6:20

ಮ್ಯಾನೇಜರ್ ಮೂಡು ಸರಿಯಾಗೇ ಇತ್ತು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳ್ತಿದ್ದೆ. ಗೋಡೌನ್ ಸಹವಾಸಕ್ಕೆ ಬಿದ್ದು ಇಪ್ಪತ್ನಾಲ್ಕು ವರ್ಷ ಆಯ್ತು, ಕೊನೇ ಒಂಬತ್ತು ವರ್ಷ ಇಂಟರ್‌ವ್ಯೂ ಮೇಜಿನ ಆ ಕಡೆ ಕೂತಿದ್ದೀನಿ.

ಬಿ_ಶಿಫ್ಟ್, ಆಡಿಟ್‌ನಲ್ಲಿ 99.8 ಹೇಗೆ ಬಂತು ಅಂತ ನೆನಪಿದೆಯಾ? ಒಟ್ಟು ಸ್ಟಾಕ್ ಎಷ್ಟು ಕೋಟಿ, ಶಾರ್ಟೇಜ್ ಎಷ್ಟು, ಎಕ್ಸೆಸ್ ಎಷ್ಟು? ಇದ್ರೆ ಹಾಕಿ. ಜೊತೆಗೆ ನೀವು ದಿನಾ ಬಿನ್ ಎಣಿಸ್ತೀರಾ ಇಲ್ವಾ ಅನ್ನೋದನ್ನೂ ಹೇಳಿ.

ಬಿ_ಶಿಫ್ಟ್_ನೆಲಮಂಗಲ · ಸೋಮವಾರ ಮಧ್ಯಾಹ್ನ 1:10

ಸಾರ್, ಒಟ್ಟು ಸ್ಟಾಕ್ 14 ಕೋಟಿ. ಶಾರ್ಟೇಜ್ 9 ಲಕ್ಷ, ಎಕ್ಸೆಸ್ 6.2 ಲಕ್ಷ. ಕಳೆದ್ರೆ ವ್ಯತ್ಯಾಸ 2.8 ಲಕ್ಷ, ಅದು 14 ಕೋಟಿಗೆ 0.2%. ಅದಕ್ಕೇ 99.8 ಅಂತ ಬರೆದಿದ್ರು.

ಬಿನ್ ಎಣಿಸ್ತೀವಿ. ಕೊನೇ ಗಾಡಿ ಹೋದ ಮೇಲೆ ರಾತ್ರಿ 50 ಬಿನ್. ಹೋದ ವರ್ಷ ನಾನೇ ಶುರು ಮಾಡಿದ್ದು. ತಿಂಗಳಲ್ಲಿ 24 ದಿನ ಹಿಡಿದ್ರೆ 1,200 ಬಿನ್. ಮೊದಲನೇ ತಿಂಗಳು 1,032 ಸರಿ ಬಂದಿತ್ತು, ಎಂಟನೇ ತಿಂಗಳು 1,134. ಪರ್ಸೆಂಟ್ ಮಾಡಿದ್ರೆ 86ರಿಂದ 94.5. ಅದು ಕಡಿಮೆ ಅನ್ನಿಸಿ ರೆಸ್ಯೂಮ್‌ಗೆ ಹಾಕಲಿಲ್ಲ. ಅಕ್ಕ ಹೇಳಿದ ಹಾಗೆ 95ಕ್ಕಿಂತ ಕೆಳಗೆ ಅಂದ್ರೆ ಪಕ್ಕಕ್ಕಿಡ್ತಾರೆ ಅಂತ ನಂಗೂ ಭಯ.

ಹಳೇ_ಸ್ಟೋರ್‌ಕೀಪರ್ · ಸೋಮವಾರ ಮಧ್ಯಾಹ್ನ 2:35

ಅಯ್ಯೋ ಪುಣ್ಯಾತ್ಮಾ, ಬಂಗಾರದಂಥ ನಂಬರು ಒಳಗಿಟ್ಟು ತಗಡು ತೋರಿಸಿದ್ದೀಯ.

ನೋಡಿ, 9 ಲಕ್ಷ ಕಡಿಮೆ ಇದೆ, 6.2 ಲಕ್ಷ ಜಾಸ್ತಿ ಇದೆ. ಎರಡೂ ತಪ್ಪೇ. ಒಂದರಿಂದ ಇನ್ನೊಂದನ್ನು ಕಳೆದರೆ ತಪ್ಪು ಕಡಿಮೆ ಆದ ಹಾಗೆ ಕಾಣುತ್ತೆ, ಅಷ್ಟೇ. ಅದು ನೆಟ್. ಅಕೌಂಟ್ಸ್‌ನವರಿಗೆ ಅದು ಸಾಕು, ಅವರಿಗೆ ಬೇಕಾಗಿರೋದು ಕಂಪನಿ ದುಡ್ಡು ಎಷ್ಟು ಹೋಯ್ತು ಅನ್ನೋದು. ಎರಡನ್ನೂ ಕೂಡಿದ್ರೆ 15.2 ಲಕ್ಷ, ಅಂದ್ರೆ ಸುಮಾರು 1.1%. ಅದೇ ಗೋಡೌನ್, ಅದೇ ದಿನ, ಅಕ್ಯುರೆಸಿ ಈಗ 98.9. ಅದು ಗ್ರಾಸ್. ಬಿನ್ ಹತ್ತಿರ ಹೋಗಿ ಎಣಿಸಿದ್ರೆ 94.5. ಮೂರೂ ನಿಜ. ಅವರು ಕೇಳಿದ್ದು, ನಿನ್ನ ಕೈಯಲ್ಲಿರೋದು ಯಾವುದು ಅಂತ.

ಸೂಪರ್‌ವೈಸರ್ ಕೆಲಸಕ್ಕೆ ಬೇಕಾಗಿರೋದು ಬಿನ್ ನಂಬರು. ಯಾಕೆ ಅಂತ ಒಂದು ಉದಾಹರಣೆ ಹೇಳ್ತೀನಿ, ನಿಮಗೇ ಗೊತ್ತಿರುತ್ತೆ. ಒಂದು ಶಾಂಪು, ಹಳೇ ಎಂಆರ್‌ಪಿ ಮಾಲು ಇನ್ನೂ ಇದೆ, ಹೊಸ ಎಂಆರ್‌ಪಿ ಮಾಲು ಬಂತು. ಬಾಟಲ್ ಅದೇ, ಡಬ್ಬದ ಬಣ್ಣ ಅದೇ, ಪಕ್ಕದಲ್ಲಿ ಅಚ್ಚು ಹೊಡೆದಿರೋ ಬೆಲೆ ಮಾತ್ರ ಬೇರೆ. ಇಳಿಸೋ ಹುಡುಗ ಜಾಗ ಇದೆ ಅಂತ ಎರಡನ್ನೂ ಒಂದೇ ಬಿನ್‌ಗೆ ತಳ್ಳಿದ. ಪಿಕ್ಕರ್ ಕೈಗೆ ಸಿಕ್ಕಿದ್ದನ್ನು ಎತ್ತಿದ. ತಿಂಗಳ ಕೊನೆಗೆ ಎಣಿಸಿದ್ರೆ ಹಳೇದರಲ್ಲಿ 40 ಕೇಸ್ ಕಡಿಮೆ, ಹೊಸದರಲ್ಲಿ 40 ಕೇಸ್ ಜಾಸ್ತಿ. ನೆಟ್‌ನಲ್ಲಿ ಹೆಚ್ಚುಕಮ್ಮಿ ಸೊನ್ನೆ. ಆಡಿಟರ್ ಖುಷಿ. ಆದ್ರೆ ಆ 40 ಕೇಸು ಹೊಸ ಬೆಲೆಯ ಬಿಲ್ ಜೊತೆ ಹಾಸನಕ್ಕೋ ಚಿತ್ರದುರ್ಗಕ್ಕೋ ಹೋಗಿದೆ, ಡಬ್ಬದ ಮೇಲೆ ಹಳೇ ಬೆಲೆ. ಡಿಸ್ಟ್ರಿಬ್ಯೂಟರ್ ಫೋನ್ ಮಾಡ್ತಾನೆ, ಕ್ಲೇಮ್ ಹಾಕ್ತಾನೆ, ಮಾಲು ವಾಪಸ್ ಬರುತ್ತೆ. ಆ ತಲೆನೋವು 99.8ರಲ್ಲಿ ಎಲ್ಲೂ ಕಾಣಲ್ಲ, ಬಿನ್ ನಂಬರಲ್ಲಿ ಮಾತ್ರ ಕಾಣುತ್ತೆ.

ನೀವು 86ರಿಂದ 94.5ಕ್ಕೆ ತಂದಿದ್ದೀರಿ. ಏನು ಮಾಡಿ ತಂದ್ರಿ?

ಇನ್ನೊಂದು ಪ್ರಶ್ನೆ, ಅವರೂ ಕೇಳ್ತಾರೆ: ದಿನಾ ಯಾವ 50 ಬಿನ್ ಅಂತ ಆರಿಸೋದು ಯಾರು?

ಹುಬ್ಬಳ್ಳಿ_ಹಬ್ · ಸೋಮವಾರ ಸಂಜೆ 5:15

ನಮಸ್ಕಾರ್ರೀ. ನಾ ಹುಬ್ಬಳ್ಳಿ ಗೋಕುಲ ರೋಡ್ ಕಡೆ ಕೊರಿಯರ್ ಹಬ್ಬಿನ್ಯಾಗ ಇದ್ದೀನಿ. ನಮ್ಮಲ್ಲಿ ಬಿನ್ನೂ ಇಲ್ಲ, ಸ್ಟಾಕೂ ಇಲ್ಲ. ರಾತ್ರಿ ಬಂದ ಮಾಲು ಬೆಳಗಾಗೂದ್ರಾಗ ಹೋಗಬೇಕು. ಅಕ್ಯುರೆಸಿ ಅಂತ ಏನ್ ಬರೀಲಿ? ನಮ್ಮ ಮ್ಯಾನೇಜರ್ರು 100% ಬರಿ ಅಂತಾರ.

ಹಳೇ_ಸ್ಟೋರ್‌ಕೀಪರ್ · ಸೋಮವಾರ ಸಂಜೆ 6:02

100 ಅಂತ ಮಾತ್ರ ಬರೀಬೇಡ್ರಿ, ಎಣಿಸೇ ಇಲ್ಲ ಅಂತ ಅರ್ಥ ಆಗುತ್ತೆ. ನಿಮ್ಮದು ಸ್ಟಾಕ್ ಅಲ್ಲ, ಸಾರ್ಟಿಂಗ್. ಧಾರವಾಡದ ಚೀಲಕ್ಕೆ ಗದಗದ ಪಾರ್ಸೆಲ್ ಹೋದದ್ದು ಸಾವಿರಕ್ಕೆ ಎಷ್ಟು, ಬೆಳಗ್ಗೆ ಗಾಡಿ ಹೊರಟ ಮೇಲೆ ಹಬ್‌ನಲ್ಲಿ ಉಳಿದದ್ದು ಎಷ್ಟು. ಆ ಎರಡು ನಂಬರು ಸಿಕ್ಕರೆ ಅವನ್ನೇ ಬರೀರಿ, ಇಲ್ಲದ ಅಕ್ಯುರೆಸಿ ಬೇಡ.

ಬಿ_ಶಿಫ್ಟ್_ನೆಲಮಂಗಲ · ಸೋಮವಾರ ರಾತ್ರಿ 11:20

ಸಾರ್, ಎಂಆರ್‌ಪಿ ಕಥೆ ನಮ್ಮ ಗೋಡೌನ್‌ನಲ್ಲೇ ನಿಂತು ನೋಡಿದ ಹಾಗಿದೆ. ನಾವು ಮಾಡಿದ್ದೂ ಅದೇ. ಹೊಸ ಬೆಲೆ ಮಾಲು ಬಂದ ತಕ್ಷಣ ಪ್ಯಾಲೆಟ್‌ಗೆ ಹಳದಿ ಟೇಪು ಸುತ್ತೋದು, ಹಳೇದು ಖಾಲಿ ಆಗೋವರೆಗೆ ಹೊಸದನ್ನು ಕೆಳಗಿನ ಬಿನ್‌ಗೆ ಇಳಿಸದೇ ಇರೋದು. ರಾತ್ರಿ ಎಣಿಸಿದಾಗ ತಪ್ಪು ಬಂದ ಬಿನ್‌ನಲ್ಲಿ ಆ ದಿನ ಪಿಕ್ ಮಾಡಿದ್ದು ಯಾರು ಅಂತ ಶೀಟಿನಲ್ಲಿ ನೋಡಿ, ಮಾರನೇ ದಿನ ಅವರನ್ನೇ ಕರ್ಕೊಂಡು ಹೋಗಿ ಆ ಬಿನ್ ಮುಂದೆ ನಿಲ್ಲಿಸ್ತಿದ್ದೆ. ಬೈತಿರಲಿಲ್ಲ, ಮತ್ತೆ ಎಣಿಸೋಕೆ ಹೇಳ್ತಿದ್ದೆ. ಎರಡು ತಿಂಗಳಲ್ಲಿ ಅವರೇ ಬಂದು "ಅಣ್ಣ, 14ನೇ ಸಾಲಲ್ಲಿ ಮಿಕ್ಸ್ ಆಗಿದೆ" ಅಂತ ಹೇಳೋಕೆ ಶುರು ಮಾಡಿದ್ರು.

ಬಿನ್ ಆರಿಸೋದು ನಾನೇ. ಕೆಳಗಿನ ಎರಡು ಲೆವೆಲ್ ಮಾತ್ರ. ಮೇಲಿನದಕ್ಕೆ ರೀಚ್ ಟ್ರಕ್ ಬೇಕು, ರಾತ್ರಿ ಆಪರೇಟರ್ ಇರಲ್ಲ. ಇದು ತಪ್ಪಾ?

ಹಳೇ_ಸ್ಟೋರ್‌ಕೀಪರ್ · ಮಂಗಳವಾರ ಬೆಳಗ್ಗೆ 6:10

ತಪ್ಪಲ್ಲ, ಒಳ್ಳೇದೇ ಆಯ್ತು. ಮೇಲಿನ ಲೆವೆಲ್‌ನಲ್ಲಿ ಇಡೀ ಪ್ಯಾಲೆಟ್ ಇರುತ್ತೆ, ಸುತ್ತಿದ ಪ್ಲಾಸ್ಟಿಕ್ಕೂ ಬಿಚ್ಚಿರಲ್ಲ, ಎಣಿಸಿದ್ರೆ ಹೆಚ್ಚಾಗಿ ಸರಿಯೇ ಬರುತ್ತೆ. ಕೈ ಆಡೋದು ಕೆಳಗಿನ ಬಿನ್‌ನಲ್ಲಿ, ತಪ್ಪೂ ಅಲ್ಲೇ. ಕೆಲವರು ಮೊದಲನೇ ತಿಂಗಳು ಕೆಳಗಿನದು ಎಣಿಸಿ 86 ಅಂತಾರೆ, ಆಮೇಲೆ ಮೇಲಿನದನ್ನು ಸೇರಿಸಿ 97 ಅಂತ ಮೀಸೆ ತಿರುವುತ್ತಾರೆ. ನೀವು ಎರಡು ಸಲವೂ ಕೆಳಗಿನದೇ ಎಣಿಸಿದ್ದೀರಿ, ಹಾಗಾಗಿ ಹೋಲಿಕೆ ನಿಲ್ಲುತ್ತೆ. "ಪಿಕಿಂಗ್ ಬಿನ್‌ಗಳಲ್ಲಿ" ಅನ್ನೋ ಎರಡು ಪದ ಸೇರಿಸಿ. ಆ ಪದ ನೋಡಿದ್ರೆ ಗೊತ್ತಿರೋ ಮ್ಯಾನೇಜರ್ ಪೆನ್ನಿನ ಮುಚ್ಚಳ ತೆಗೀತಾನೆ.

ಆದ್ರೆ ಮುಂದಿನ ತಿಂಗಳಿಂದ ಬಿನ್ ನೀವು ಆರಿಸಬೇಡಿ. SAPನಲ್ಲಿ ಬಿನ್‌ಗಳ ಪಟ್ಟಿ ಕೊಡೋ LX03 ರಿಪೋರ್ಟ್ ತೆಗೆದು, ಆ ಪಟ್ಟಿಯಿಂದ ಬೇರೆಯವರ ಕೈಲಿ ಗುರುತು ಹಾಕಿಸಿ. ತಾನೇ ಪ್ರಶ್ನೆಪತ್ರಿಕೆ ಬರೆದು ತಾನೇ ಪಾಸಾದ ಅಂತ ಯಾರೂ ಅನ್ನಬಾರದು.

ಕನ್ಸಲ್ಟೆನ್ಸಿ_ಅಕ್ಕ · ಮಂಗಳವಾರ ಬೆಳಗ್ಗೆ 10:30

ಸಾರ್, ನಿಮ್ಮ ಮಾತು ಒಪ್ತೀನಿ, ಆದ್ರೆ ನಿಮ್ಮ ಮೇಜಿಗೆ ಬರೋ ಮುಂಚೆ ರೆಸ್ಯೂಮ್ ನನ್ನಂಥವರ ಕೈ ದಾಟಬೇಕಲ್ಲ? ಮುನ್ನೂರು ರೆಸ್ಯೂಮ್ ಬಂದಿರುತ್ತೆ. ನನಗೆ ಬಿನ್ನೂ ಗೊತ್ತಿಲ್ಲ, ನೆಟ್ಟೂ ಗೊತ್ತಿಲ್ಲ. ಪಕ್ಕದವನದ್ದು 99.9, ಇವರದ್ದು 94.5. ನಾನು ಯಾವುದು ಇಡಲಿ?

ಹಳೇ_ಸ್ಟೋರ್‌ಕೀಪರ್ · ಮಂಗಳವಾರ ಮಧ್ಯಾಹ್ನ 12:45

ಇದು ನ್ಯಾಯವಾದ ಪ್ರಶ್ನೆ. ಅದಕ್ಕೇ ಬರೀ 94.5 ಅಂತ ಬರೀಬಾರದು, "86ರಿಂದ 94.5ಕ್ಕೆ" ಅಂತ ಬರೀಬೇಕು. ಏರಿದ್ದು ಯಾರಿಗಾದರೂ ಕಾಣುತ್ತೆ. ಬೇಕಾದ್ರೆ ಅದೇ ಸಾಲಲ್ಲಿ ಆಡಿಟ್‌ನ ನೆಟ್ ವ್ಯತ್ಯಾಸ 0.2% ಅಂತಲೂ ಹಾಕಲಿ, ನೆಟ್ ಅನ್ನೋ ಪದದ ಸಮೇತ. ನಿಮ್ಮ ಕಣ್ಣಿಗೂ ಬೀಳುತ್ತೆ, ನನ್ನ ಹತ್ತಿರವೂ ಸಿಕ್ಕಿಬೀಳಲ್ಲ.

ಕನ್ಸಲ್ಟೆನ್ಸಿ_ಅಕ್ಕ · ಮಂಗಳವಾರ ಮಧ್ಯಾಹ್ನ 12:58

ಇದಾದ್ರೆ ಸರಿ. ಆದ್ರೂ ಬರೀ ಸಾಫ್ಟ್‌ವೇರ್‌ನಲ್ಲಿ ಪದ ಹುಡುಕಿ ಸೋಸೋ ಕಂಪನಿಗಳಲ್ಲಿ ಏನಾಗುತ್ತೋ, ನಾನು ಗ್ಯಾರಂಟಿ ಕೊಡಲ್ಲ.

ಜೆಬೆಲ್_ಅಲಿ_ಉಡುಪಿ · ಮಂಗಳವಾರ ರಾತ್ರಿ 9:15

ನಾನು ದುಬೈನಲ್ಲಿ, ಜೆಬೆಲ್ ಅಲಿ ಕಡೆ ವೇರ್‌ಹೌಸಲ್ಲಿ ಇರುವುದು ಮಾರಾಯ್ರೆ. ಇಲ್ಲಿಗೆ ಬರುವವರು ವೀಸಾ ಸ್ಥಿತಿ, ಫೋರ್ಕ್‌ಲಿಫ್ಟ್ ಲೈಸೆನ್ಸ್ ಇದೆಯಾ ಇಲ್ಲವಾ, ಅದನ್ನು ಮೇಲೆಯೇ ಬರೆಯಬೇಕು. ಸಿವಿಗೆ ಫೋಟೋ ಹಾಕಿ. ಕೇಸ್ ಲೆಕ್ಕ ಇಲ್ಲಿ ಕೇಳುವುದು ಕಡಿಮೆ, ಪ್ಯಾಲೆಟ್ ಎಷ್ಟು, ಕಂಟೇನರ್ ಎಷ್ಟು ಅಂತ ಕೇಳ್ತಾರೆ.

ಬಿ_ಶಿಫ್ಟ್_ನೆಲಮಂಗಲ · ಮಂಗಳವಾರ ರಾತ್ರಿ 11:05

ಅಣ್ಣ, ನಾನು ದುಬೈಗೆ ಹೋಗ್ತಿಲ್ಲ, ಹೊಸಕೋಟೆಗೆ.

ಜೆಬೆಲ್_ಅಲಿ_ಉಡುಪಿ · ಮಂಗಳವಾರ ರಾತ್ರಿ 11:09

ಓ, ಹೌದಾ. ಮೇಲಿನದು ಓದಲೇ ಇಲ್ಲ ನಾನು. ಇರಲಿ, ಮುಂದೆ ಬೇಕಾದೀತು.

ಹೊಸಕೋಟೆ_ಪಾಳಿ · ಬುಧವಾರ ಬೆಳಗ್ಗೆ 7:40

ದುಬೈಯವರು ಬೇರೆ ವಿಷಯ ಹೇಳಿದ್ರೂ ಒಂದು ಮಾತು ಸರಿ. ನಿಮ್ಮ 2.47 ಲಕ್ಷ ಕೇಸ್ ಅನ್ನೋದು ನನಗೆ ಏನೂ ಹೇಳಲ್ಲ. ನಾನು ಆನ್‌ಲೈನ್ ಆರ್ಡರ್ ಕಳಿಸೋ ಗೋಡೌನ್‌ನಲ್ಲಿ ಸೂಪರ್‌ವೈಸರ್. ನಮ್ಮಲ್ಲಿ ಕೇಸೇ ಇಲ್ಲ, ಬಿಡಿ ಬಿಡಿ ಪೀಸು. ಗಾಡಿ ಎಷ್ಟು ಅಂತ ಹೇಳಿ, ಅದು ಎಲ್ಲಾ ಗೋಡೌನ್‌ನವರಿಗೂ ಅರ್ಥ ಆಗುತ್ತೆ.

ಮತ್ತೆ, ಅದು ತಿಂಗಳ ಪೂರ್ತಿ ಸಮನಾಗಿ ಹೋಗುತ್ತಾ?

ಬಿ_ಶಿಫ್ಟ್_ನೆಲಮಂಗಲ · ಬುಧವಾರ ಮಧ್ಯಾಹ್ನ 1:25

ಎಲ್ಲಿ ಸಮ ಅಕ್ಕ! ಸೇಲ್ಸ್‌ನವರಿಗೆ ಟಾರ್ಗೆಟ್ ನೆನಪಾಗೋದೇ 24ನೇ ತಾರೀಖಿನ ಮೇಲೆ. 26 ದಿನದಲ್ಲಿ ಮೊದಲ 20 ದಿನ ದಿನಕ್ಕೆ 7,400 ಕೇಸ್ ಇರುತ್ತೆ. ಕೊನೇ 6 ದಿನ 16,500. ಸರಾಸರಿ ಮಾಡಿದ್ರೆ 9,500, ಗಾಡಿ ಸರಾಸರಿ 22. ಆದ್ರೆ ಸರಾಸರಿ ದಿನ ಅಂತ ಒಂದು ದಿನ ನಮ್ಮಲ್ಲಿ ಬರೋದೇ ಇಲ್ಲ. ಕೊನೇ ವಾರ 38 ಗಾಡಿ ಗೇಟ್ ಹೊರಗೆ ನಿಂತಿರುತ್ತೆ, ರಾತ್ರಿ ಹನ್ನೆರಡಾಗುತ್ತೆ.

ಹೊಸಕೋಟೆ_ಪಾಳಿ · ಬುಧವಾರ ಮಧ್ಯಾಹ್ನ 3:00

ಹಾಗಾದ್ರೆ ನಿಮ್ಮ ರೆಸ್ಯೂಮ್‌ನಲ್ಲಿ ಇರಬೇಕಾದ ನಂಬರು 16,500. ದಿನಕ್ಕೆ 7,400 ನಡೆಸೋ ಗೋಡೌನನ್ನ ಅದೇ ಡಾಕ್, ಅದೇ ಜಾಗದಲ್ಲಿ ಎರಡು ಪಟ್ಟಿಗಿಂತ ಜಾಸ್ತಿ ಓಡಿಸಿದ್ದೀರಿ. ತಿಂಗಳ ಮೊತ್ತ ಬರೆದು ಅದನ್ನು ಮುಚ್ಚಿಬಿಟ್ಟಿದ್ದೀರಿ. ಹಬ್ಬದ ಸೇಲ್ ಟೈಮಲ್ಲಿ ನಮ್ಮಲ್ಲೂ ಇದೇ. ನನ್ನನ್ನು ಕೆಲಸಕ್ಕೆ ತಗೊಂಡವರು ಕೇಳಿದ್ದು ಅದೊಂದೇ: ಅತಿ ಹೆಚ್ಚು ಹೋದ ದಿನ ಎಷ್ಟು, ಅವತ್ತು ಎಷ್ಟು ಜನ ಇದ್ರು.

ಈಗ 38% ಬಗ್ಗೆ. ವಿಳಂಬ ಅಂದ್ರೆ ಯಾವ ವಿಳಂಬ? ಎಲ್ಲಿಂದ ಎಲ್ಲಿಗೆ ಅಳೆದ್ರಿ?

ಬಿ_ಶಿಫ್ಟ್_ನೆಲಮಂಗಲ · ಬುಧವಾರ ರಾತ್ರಿ 11:40

ಗೇಟ್ ರಿಜಿಸ್ಟರ್ ಅಕ್ಕ. ಗಾಡಿ ಒಳಗೆ ಬಂದ ಟೈಮು, ಹೊರಗೆ ಹೋದ ಟೈಮು. ಮೊದಲು ಸರಾಸರಿ 5 ಗಂಟೆ 40 ನಿಮಿಷ, ಈಗ 3 ಗಂಟೆ 30 ನಿಮಿಷ. 340ರಿಂದ 210 ನಿಮಿಷ, 38% ಕಡಿಮೆ.

ಮೊದಲು ಏನಾಗ್ತಿತ್ತು ಅಂದ್ರೆ, ಗಾಡಿ ಡಾಕ್‌ಗೆ ಹಿಂದೆ ತಗೊಂಡು ನಿಂತ ಮೇಲೆ ಪಿಕ್ಕಿಂಗ್ ಶುರು. ಲೋಡರ್‌ಗಳು ಬೀಡಿ ಸೇದ್ಕೊಂಡು ಕಾಯೋರು. ಈಗ ಮಾರನೇ ದಿನದ ಮೊದಲ ಎಂಟು ಗಾಡಿಯ ಮಾಲನ್ನು ಹಿಂದಿನ ರಾತ್ರಿಯೇ ಪಿಕ್ ಮಾಡಿ, ನೆಲಕ್ಕೆ ಬಣ್ಣ ಬಳಿದು ಮಾಡಿದ ಸಾಲುಗಳಲ್ಲಿ ಗಾಡಿವಾರು ನಿಲ್ಲಿಸ್ತೀವಿ. ಇನ್ನೊಂದು, ಟ್ರಾನ್ಸ್‌ಪೋರ್ಟರ್ ಒಂದು ಗಾಡಿ ನಂಬರ್ ಹೇಳಿ ಇನ್ನೊಂದು ಕಳಿಸೋನು. ಲೋಡ್ ಆದ ಮೇಲೆ ಇ-ವೇ ಬಿಲ್‌ನ ಪಾರ್ಟ್ ಬಿ ತಿದ್ದೋಕೆ ಬಿಲ್ಲಿಂಗ್ ಹುಡುಗನ ಹಿಂದೆ ಓಡೋದು. ಈಗ ಗೇಟಲ್ಲೇ ನಂಬರ್ ಪ್ಲೇಟ್ ಫೋಟೋ ವಾಟ್ಸಾಪ್ ಗ್ರೂಪ್‌ಗೆ ಬರುತ್ತೆ, ಅದು ನೋಡಿದ ಮೇಲೇ ಪಾರ್ಟ್ ಬಿ ಹಾಕೋದು.

ಹೊಸಕೋಟೆ_ಪಾಳಿ · ಗುರುವಾರ ಬೆಳಗ್ಗೆ 7:30

ಕೆಲಸ ಚೆನ್ನಾಗಿ ಮಾಡಿದ್ದೀರಿ. ಆದ್ರೆ 340 ಯಾವ ತಿಂಗಳದ್ದು, 210 ಯಾವ ತಿಂಗಳದ್ದು?

ಬಿ_ಶಿಫ್ಟ್_ನೆಲಮಂಗಲ · ಗುರುವಾರ ಮಧ್ಯಾಹ್ನ 1:05

340 ಹೋದ ವರ್ಷ ಮಾರ್ಚ್. 210 ಈ ವರ್ಷ ಆಗಸ್ಟ್.

…ಅಯ್ಯೋ.

ಹೊಸಕೋಟೆ_ಪಾಳಿ · ಗುರುವಾರ ಮಧ್ಯಾಹ್ನ 1:20

ಅದೇ. ಮಾರ್ಚ್ ಅಂದ್ರೆ ವರ್ಷದ ಕೊನೆ, ಎಲ್ಲರೂ ಮಾಲು ತಳ್ಳೋ ತಿಂಗಳು. ಆಗಸ್ಟ್‌ನಲ್ಲಿ ನಿಮ್ಮ ಮಾಲಿಗೆ ಅಷ್ಟು ಒತ್ತಡ ಇರಲ್ಲ. ಗಾಡಿ ಕಮ್ಮಿ ಬಂದ್ರೆ ಏನೂ ಮಾಡದೆ ಸುಮ್ಮನೆ ಕೂತ್ರೂ ಟೈಮು ಇಳಿಯುತ್ತೆ. ಹೋದ ವರ್ಷದ ಆಗಸ್ಟ್ ರಿಜಿಸ್ಟರ್ ಇದ್ರೆ ತೆಗೀರಿ.

ಹಳೇ_ಸ್ಟೋರ್‌ಕೀಪರ್ · ಗುರುವಾರ ಮಧ್ಯಾಹ್ನ 2:00

ಇದು ನನಗೂ ಹೊಳೆದಿರಲಿಲ್ಲ. ಭೇಷ್ ತಾಯಿ.

ಬಿ_ಶಿಫ್ಟ್_ನೆಲಮಂಗಲ · ಶುಕ್ರವಾರ ರಾತ್ರಿ 11:55

ಸೆಕ್ಯುರಿಟಿ ಕ್ಯಾಬಿನ್‌ನ ಮೂಟೆಯಿಂದ ಹಳೇ ರಿಜಿಸ್ಟರ್ ಹುಡುಕಿದೆ. ಅರ್ಧ ಪುಟಕ್ಕೆ ಟೀ ಚೆಲ್ಲಿದೆ, ಹತ್ತು ದಿನದ್ದು ಓದೋ ಹಾಗಿದೆ. 190 ಗಾಡಿ ಲೆಕ್ಕ ಹಾಕಿದೆ. ಸರಾಸರಿ 290 ನಿಮಿಷ. ಅಂದ್ರೆ 290ರಿಂದ 210, ಹತ್ತಿರ ಹತ್ತಿರ 28%. 38 ಅಲ್ಲ. ಬೇಜಾರಾಯ್ತು, ಆದ್ರೂ ಪರವಾಗಿಲ್ಲ.

ಅದರ ಜೊತೆ ಇನ್ನೊಂದು ನೋಡಿದೆ. 4 ಗಂಟೆಯೊಳಗೆ ಹೊರಟ ಗಾಡಿ ಆಗ 190ಕ್ಕೆ 76, ಅಂದ್ರೆ 40%. ಈ ಆಗಸ್ಟ್‌ನಲ್ಲಿ 500ಕ್ಕೆ 375, ಅಂದ್ರೆ 75%. ಇದು ಬರೆದ್ರೆ ಚೆನ್ನಾಗಿರುತ್ತಾ? ಸರಾಸರಿಗಿಂತ ಇದೇ ನಂಗೆ ಇಷ್ಟ ಆಯ್ತು. ಡ್ರೈವರ್‌ಗೆ ಸರಾಸರಿ ಯಾವನಿಗೆ ಬೇಕು, ಅವನ ಗಾಡಿ ಬಿಟ್ರೆ ಸಾಕು.

ಒಂದು ಅನುಮಾನ. ಉಳಿದ 125 ಗಾಡಿಯಲ್ಲಿ ಎಷ್ಟೋ ನಮ್ಮ ತಪ್ಪಲ್ಲ. ಡಿಸ್ಟ್ರಿಬ್ಯೂಟರ್ ದುಡ್ಡು ಕಟ್ಟಿಲ್ಲ ಅಂತ ಬಿಲ್ ಬ್ಲಾಕ್ ಆಗಿ ಗಾಡಿ ಯಾರ್ಡಲ್ಲೇ ನಿಲ್ಲುತ್ತೆ. ಅವನ್ನು ತೆಗೆದುಬಿಡಲಾ?

ಹಳೇ_ಸ್ಟೋರ್‌ಕೀಪರ್ · ಶನಿವಾರ ಬೆಳಗ್ಗೆ 6:15

ತೆಗೀಬೇಡಿ. ತೆಗೆದ್ರೆ ಹೋದ ವರ್ಷದ್ದರಲ್ಲೂ ತೆಗೀಬೇಕು, ಟೀ ಚೆಲ್ಲಿದ ರಿಜಿಸ್ಟರ್‌ನಲ್ಲಿ ಕಾರಣ ಬರೆದಿರಲ್ಲ. ಎಲ್ಲಾ ಸೇರಿಸಿಯೇ 75 ಅಂತ ಬರೀರಿ. ಉಳಿದ 25 ಯಾಕೆ ಅಂತ ಕೇಳಿದಾಗ ಬಿಲ್ ಬ್ಲಾಕ್ ವಿಷಯ ಬಾಯಲ್ಲಿ ಹೇಳಿ. ಉತ್ತರ ಹೇಳೋಕೆ ಒಂದು ಪ್ರಶ್ನೆ ಇರಲಿ ಅಂತ ಬಿಟ್ಟಿರೋ ಹಾಗೂ ಆಗುತ್ತೆ.

46 ಜನದ ಕಥೆ ಏನು? ಇವರ ಹಾಜರಿ ಹಾಕೋದು ಯಾರು?

ಬಿ_ಶಿಫ್ಟ್_ನೆಲಮಂಗಲ · ಶನಿವಾರ ಮಧ್ಯಾಹ್ನ 1:30

ಕಂಪನಿ ರೋಲ್‌ನಲ್ಲಿ 4 ಜನ. ಕಾಂಟ್ರಾಕ್ಟ್ ಪಿಕ್ಕರ್, ಚೆಕ್ಕರ್ 15. ಈ 19 ಜನದ ಹಾಜರಿ, ರಜೆ, ಓಟಿ ಎಲ್ಲ ನಂದೇ. ಉಳಿದ 27 ಲೋಡರ್‌ಗಳು. ಅವರ ಕೂಲಿ ಕೇಸ್ ಲೆಕ್ಕದಲ್ಲಿ, ಹಾಜರಿ ಅವರ ಮೇಸ್ತ್ರಿದು. ಆದ್ರೆ ಡಾಕ್ ಮೇಲೆ ಅವರನ್ನು ಓಡಿಸೋದು ನಾನೇ ಸಾರ್. ಮೇಸ್ತ್ರಿ ಮೂರು ಗಂಟೆಗೆ ಬಂದು ಏಳಕ್ಕೆ ಹೋಗ್ತಾನೆ.

ಕನ್ಸಲ್ಟೆನ್ಸಿ_ಅಕ್ಕ · ಶನಿವಾರ ಮಧ್ಯಾಹ್ನ 2:10

ಹಾಗಾದ್ರೆ 46 ಸರಿಯಾಗೇ ಇದೆ. ಕೆಲಸ ತೆಗೆಯೋದು ಇವರೇ ಅಲ್ವಾ?

ಹಳೇ_ಸ್ಟೋರ್‌ಕೀಪರ್ · ಶನಿವಾರ ಮಧ್ಯಾಹ್ನ 3:40

ಎರಡು ತುಂಡು ಮಾಡಿ ಬರೀಲಿ. 19 ನೇರ, 27 ಕಾಂಟ್ರಾಕ್ಟರ್ ಲೋಡರ್‌ಗಳ ಸಮನ್ವಯ. 46 ಅಂತ ಬರೆದು, ಅದರಲ್ಲಿ ಎಷ್ಟು ಜನರನ್ನು ಕೆಲಸದಿಂದ ತೆಗೆದಿದ್ದೀರಿ ಅಂದಾಗ ತಡವರಿಸಿದ್ರೆ 19ಕ್ಕೂ ಬೆಲೆ ಇರಲ್ಲ. ನಿಜ ಹೇಳಬೇಕಂದ್ರೆ ತನ್ನ ಕೈಯಲ್ಲಿ ಸಂಬಳ ಇಲ್ಲದ 27 ಜನರಿಂದ ಕೆಲಸ ತೆಗೆಯೋದೇ ಕಷ್ಟದ ವಿದ್ಯೆ. ಅದನ್ನು ಬೇರೆ ಮಾಡಿ ತೋರಿಸಿದ್ರೆ ನಷ್ಟ ಏನಿಲ್ಲ.

ಹೊಸಕೋಟೆ_ಪಾಳಿ · ಶನಿವಾರ ಸಂಜೆ 4:25

ಇದರಲ್ಲಿ ನಾನು ಅಕ್ಕನ ಕಡೆ. ನಮ್ಮಲ್ಲಿ ಎಲ್ಲರೂ ಕಾಂಟ್ರಾಕ್ಟೇ, ನೇರ ಅಂತ ಬರೆಯೋಕೆ ಹೋದ್ರೆ ನನ್ನ ತಂಡ ಸೊನ್ನೆ ಆಗುತ್ತೆ. ನಾನು ಪಾಳಿಯಲ್ಲಿ 60 ಜನ ಅಂತ ಒಟ್ಟಿಗೇ ಬರೆದಿದ್ದೆ, ಯಾರೂ ಕೇಳಲಿಲ್ಲ.

ಹಳೇ_ಸ್ಟೋರ್‌ಕೀಪರ್ · ಶನಿವಾರ ಸಂಜೆ 4:50

ನಿಮ್ಮ ಕಡೆ ಆ ರೂಢಿ ಇರಬಹುದು. ನಾನಿದ್ದಿದ್ರೆ ಕೇಳ್ತಿದ್ದೆ.

ಬಿ_ಶಿಫ್ಟ್_ನೆಲಮಂಗಲ · ಭಾನುವಾರ ಮಧ್ಯಾಹ್ನ 12:15

ಇವತ್ತು ರಜೆ. ಕೂತು ತಿದ್ದಿದೆ. ಹೀಗೆ ಬಂತು:

ದಿನಬಳಕೆ ಮಾಲಿನ ಗೋಡೌನ್‌ನ ಸಂಜೆ ಶಿಫ್ಟ್, ಪೂರ್ತಿ ಡಿಸ್‌ಪ್ಯಾಚ್. ಸಾಮಾನ್ಯ ದಿನ 7,400 ಕೇಸ್, ತಿಂಗಳ ಕೊನೇ ವಾರ ದಿನಕ್ಕೆ 16,500 ಕೇಸ್, 38 ಗಾಡಿವರೆಗೆ.

ಪ್ರತಿದಿನ 50 ಬಿನ್ ಎಣಿಕೆ ಶುರು ಮಾಡಿ, ಹಳೇ–ಹೊಸ ಎಂಆರ್‌ಪಿ ಮಾಲು ಬೇರ್ಪಡಿಸಿ, ಪಿಕಿಂಗ್ ಬಿನ್‌ಗಳಲ್ಲಿ ಅಕ್ಯುರೆಸಿ ಎಂಟು ತಿಂಗಳಲ್ಲಿ 86%ರಿಂದ 94.5%ಗೆ. ಆಡಿಟ್‌ನಲ್ಲಿ ನೆಟ್ ವ್ಯತ್ಯಾಸ 0.2%.

19 ಜನರ ನೇರ ಮೇಲ್ವಿಚಾರಣೆ, ಜೊತೆಗೆ 27 ಕಾಂಟ್ರಾಕ್ಟ್ ಲೋಡರ್‌ಗಳ ಸಮನ್ವಯ.

ಹಿಂದಿನ ರಾತ್ರಿಯೇ ಪಿಕ್ಕಿಂಗ್ ಮತ್ತು ಗಾಡಿವಾರು ಸಾಲು ಜಾರಿಗೆ ತಂದು, ಗೇಟಿಂದ ಗೇಟಿಗೆ ಗಾಡಿಯ ಸಮಯ 290ರಿಂದ 210 ನಿಮಿಷಕ್ಕೆ, ಆಗಸ್ಟ್‌ಗೆ ಆಗಸ್ಟ್ ಹೋಲಿಕೆ. 4 ಗಂಟೆಯೊಳಗೆ ಹೊರಟ ಗಾಡಿ 40%ರಿಂದ 75%ಗೆ.

ಇನ್ನೊಂದು ಕೇಳಬೇಕಿತ್ತು. ನಮ್ಮದು ಬೇರೆ ಕಂಪನಿ ಮಾಲು ಇಡೋ ಗೋಡೌನ್. ಆ ಬ್ರ್ಯಾಂಡ್ ಹೆಸರು ಬರೀಬಹುದಾ? ಅದು ಬರೆದ್ರೆ ತೂಕ ಜಾಸ್ತಿ ಅನ್ನಿಸುತ್ತೆ.

ಕನ್ಸಲ್ಟೆನ್ಸಿ_ಅಕ್ಕ · ಭಾನುವಾರ ಮಧ್ಯಾಹ್ನ 1:00

ಧಾರಾಳವಾಗಿ ಬರೀರಿ. ದೊಡ್ಡ ಬ್ರ್ಯಾಂಡ್ ಹೆಸರಿದ್ರೆ ಫೋನ್ ಬೇಗ ಬರುತ್ತೆ.

ಹಳೇ_ಸ್ಟೋರ್‌ಕೀಪರ್ · ಭಾನುವಾರ ಮಧ್ಯಾಹ್ನ 1:45

ಹೆಸರು ಮತ್ತು ಕೇಸ್ ಲೆಕ್ಕ ಎರಡೂ ಒಟ್ಟಿಗೆ ಬೇಡ ಅಂತ ನನ್ನ ಅಭಿಪ್ರಾಯ. ಅದು ಆ ಬ್ರ್ಯಾಂಡಿನ ಕರ್ನಾಟಕದ ವ್ಯಾಪಾರದ ಲೆಕ್ಕ ಆಗಿಬಿಡುತ್ತೆ, ನೀವು ಹೋಗ್ತಿರೋ ಕಡೆ ಅವರ ಎದುರಾಳಿ ಮಾಲೇ ಇರಬಹುದು. ಆಫರ್ ಲೆಟರ್ ಜೊತೆ ಸಹಿ ಹಾಕಿದ ಕಾಗದ ಒಮ್ಮೆ ಓದಿ ನೋಡಿ. ಒಂದೇ ಒಂದು ಬಿಡಬೇಕು ಅಂದ್ರೆ ನಾನು ಹೆಸರು ಬಿಡ್ತೀನಿ, ಲೆಕ್ಕ ಇಟ್ಕೊಳ್ತೀನಿ.

ಹೊಸಕೋಟೆ_ಪಾಳಿ · ಭಾನುವಾರ ಮಧ್ಯಾಹ್ನ 2:20

ನಾನು ಹೆಸರು ಬರೆದಿದ್ದೆ, ಲೆಕ್ಕ ಬಿಟ್ಟಿದ್ದೆ. ಕೆಲಸ ಸಿಕ್ತು. ಹಾಗಾಗಿ ಏನು ಹೇಳಲಿ. ಆದ್ರೆ ಇಂಟರ್‌ವ್ಯೂಗೆ ಹೋದಾಗ ಆ ಟೀ ಚೆಲ್ಲಿದ ರಿಜಿಸ್ಟರ್ ಫೋಟೋ ಮಾತ್ರ ಮೊಬೈಲ್ ತೆಗೆದು ತೋರಿಸಬೇಡಿ. ಇಲ್ಲಿನದನ್ನು ಅಲ್ಲಿ ತೋರಿಸೋನು ನಾಳೆ ಅಲ್ಲಿನದನ್ನು ಇನ್ನೆಲ್ಲಿ ತೋರಿಸ್ತಾನೋ ಅಂದ್ಕೊಳ್ತಾರೆ. ಲೆಕ್ಕ ಬಾಯಲ್ಲಿ ಬರೋ ಹಾಗೆ ಇಟ್ಕೊಳ್ಳಿ.

ಹುಬ್ಬಳ್ಳಿ_ಹಬ್ · ಭಾನುವಾರ ರಾತ್ರಿ 9:30

ಸರ್ರ, ನಿನ್ನೆ ರಾತ್ರಿ ಎಣಿಸಿ ನೋಡಿದೆ. 6,200 ಪಾರ್ಸೆಲ್ಲಿನ್ಯಾಗ 31 ತಪ್ಪು ಚೀಲಕ್ಕ ಹೋಗಿದ್ವು, ಅಂದ್ರ ಸಾವಿರಕ್ಕ 5. ಇದು ಛಲೋನೋ ಕೆಟ್ಟದ್ದೋ?

ಹಳೇ_ಸ್ಟೋರ್‌ಕೀಪರ್ · ಭಾನುವಾರ ರಾತ್ರಿ 9:52

ಒಂದು ರಾತ್ರಿದು ನೋಡಿ ಹೇಳೋಕಾಗಲ್ಲ ರೀ. ಒಂದು ತಿಂಗಳು ಎಣಿಸಿ ಬರ್ರಿ. ಆ 31ರಲ್ಲಿ ಎಷ್ಟು ಒಂದೇ ಊರಿನ ಚೀಲಕ್ಕೆ ಹೋಗಿದ್ವು ಅಂತಲೂ ಬರೆದಿಟ್ಕೊಳ್ರಿ.